ಭತ್ತದ ಮೇಲೆ ಬಿದ್ದ ಎಣ್ಣೆ

ಸುರಪುರದ ತಾಲ್ಲೂಕು ಕಚೇರಿಯಲ್ಲಿ ಹಾನಿಯನ್ನು ಕಂಡಂತೆ ಬರೆಯುವ ವಿದ್ಯೆಯಲ್ಲಿ ಗುಮಾಸ್ತ ಹಣಮೇಶನನ್ನು ಮೀರಿಸುವವರಿರಲಿಲ್ಲ. ಮಳೆಗೆ ಗೋಡೆ ಕುಸಿದರೆ, ಬಣವೆಗೆ ಬೆಂಕಿ ತಗುಲಿದರೆ, ಸಿಡಿಲು ಬಡಿದು ಕುರಿ ಸತ್ತರೆ ಅರ್ಜಿ ಅವನ ಮೇಜಿಗೇ ಬರುತ್ತಿತ್ತು. ಅರ್ಜಿ ತಂದವರ ಮುಖ ನೋಡುವ ಅಭ್ಯಾಸ ಅವನಿಗಿರಲಿಲ್ಲ. ಹಾಳೆ ತಿರುವಿ ಹಾಕಿ, ಕನ್ನಡಕದ ಮೇಲಿನಿಂದ ನೋಡಿ, ಫೋಟೋ ಎಲ್ಲಿ ಅಂತ ಕೇಳುತ್ತಿದ್ದ. ಫೋಟೋ ಇಲ್ಲದವರನ್ನು ಬಾಗಿಲಿನತ್ತ ಕೈಮಾಡಿ ಕಳಿಸುತ್ತಿದ್ದ. ಅಂಥ ಮನುಷ್ಯನಿಗೆ ತನ್ನ ಕಾರಿನ ಫೋಟೋ ತನ್ನ ಕೈಯಿಂದಲೇ ಅಳಿಸಿಕೊಂಡು ಗ್ಯಾರೇಜಿನ ಬೆಂಚಿನ ಮೇಲೆ ಕೂರುವ ಗತಿ ಬಂತು.

ಕಾರು ಹಳೆಯದೇ, ಕೊಂಡದ್ದು ಮಾತ್ರ ಹೊಸದಾಗಿ. ಮಾವ ಅಂಬಣ್ಣನಿಗೆ ಕಿಡ್ನಿ ಕೈಕೊಟ್ಟು, ವಾರವಾರ ಯಾದಗಿರಿಗೆ ಡಯಾಲಿಸಿಸ್‌ಗೆ ಒಯ್ಯಬೇಕಾಗಿತ್ತು. ಬಸ್ಸಿನಲ್ಲಿ ಹೋಗಿ ಬರುವಾಗ ಮುದುಕ ಒಂದು ಸಲ ಶಹಾಪುರದ ಬಸ್ ನಿಲ್ದಾಣದಲ್ಲಿ ತಲೆಸುತ್ತಿ ಬಿದ್ದ. ಅವತ್ತೇ ಹಣಮೇಶನ ಹೆಂಡತಿ ಪವಿತ್ರಾ ಕಾರು ಬೇಕು ಅಂದಳು. ಮದುವೆಯಾದಾಗಿನಿಂದ ಬಾಯಿಬಿಟ್ಟು ಇದು ಬೇಕು ಅಂತ ಅವಳು ಕೇಳಿದ್ದು ಅಪರೂಪ. ಹಣಮೇಶ ಕೊಂಡ. ಕೊಂಡ ಮೇಲೆ ಮಾವನಿಗಿಂತ ಹೆಚ್ಚು ತಾನೇ ಅದರಲ್ಲಿ ತಿರುಗಿದ ಅನ್ನುವುದು ಬೇರೆ ಮಾತು.

ಆ ದಿನವೂ ಯಾದಗಿರಿಯ ಜಿಲ್ಲಾ ಕಚೇರಿಯಲ್ಲಿ ಮೀಟಿಂಗ್ ಇತ್ತು. ಮೇಲಿನವರು ಎಲ್ಲರೆದುರಿಗೆ ಅವನಿಗೆ ಚೆನ್ನಾಗಿ ಬೈದಿದ್ದರು. ಜೊತೆಗಿದ್ದ ಸಹೋದ್ಯೋಗಿ ಭೀಮು ದಾರಿಯುದ್ದಕ್ಕೂ ಸಮಾಧಾನ ಹೇಳುತ್ತ ಬಂದ, ಸಮಾಧಾನದಿಂದ ಸಿಟ್ಟು ಇನ್ನಷ್ಟು ಏರಿತು. ಶಹಾಪುರ ದಾಟಿ ಸುರಪುರದ ರಸ್ತೆ ಹಿಡಿದಾಗ ಸಂಜೆ ಇಳಿಯುತ್ತಿತ್ತು. ಸುಗ್ಗಿಯ ಕಾಲ. ಕಾಲುವೆ ನೀರಿನ ಊರುಗಳಲ್ಲಿ ಕಣ ಮಾಡುವವರು ಈಗ ಯಾರೂ ಇಲ್ಲ. ಡಾಂಬರು ರಸ್ತೆಯೇ ಕಣ. ಅರ್ಧ ರಸ್ತೆಗೆ ಭತ್ತ ಹರಡಿ, ಗಾಡಿಗಳು ಹತ್ತದಂತೆ ಅಂಚಿಗೆ ತಲೆದಿಂಬಿನಷ್ಟು ದಪ್ಪನೆಯ ಕಲ್ಲುಗಳನ್ನು ಸಾಲಾಗಿ ಇಟ್ಟುಬಿಡುತ್ತಾರೆ. ಇದು ಹಣಮೇಶನಿಗೆ ಗೊತ್ತಿಲ್ಲದ್ದಲ್ಲ, ದಿನಾ ನೋಡುವುದೇ. ಎದುರಿನಿಂದ ಹತ್ತಿ ತುಂಬಿದ ಲಾರಿ ಬಂತು. ನಿಲ್ಲಬಹುದಿತ್ತು. ನಿಲ್ಲಲಿಲ್ಲ, ಎಡಕ್ಕೆ ಎಳೆದ. ಕಾರು ಕಲ್ಲಿನ ಮೇಲೆ ಹತ್ತಿ, ಹೊಟ್ಟೆ ಉಜ್ಜಿಕೊಂಡು, ಭತ್ತದೊಳಗೆ ನುಗ್ಗಿ ನಿಂತಿತು.

ಯಾರಿಗೂ ಪೆಟ್ಟಾಗಲಿಲ್ಲ. ಎಡಗಡೆಯ ಬಂಪರ್ ಜೋತುಬಿತ್ತು, ಹೆಡ್‌ಲೈಟು ಒಡೆಯಿತು, ಚಕ್ರದ ಮೇಲಿನ ತಗಡು ಮಡಚಿಕೊಂಡಿತು. ಭತ್ತ ಕಾಯುತ್ತ ಕೂತಿದ್ದ ಹೆಂಗಸು ಎದ್ದು ಓಡಿಬಂದಳು. ಅವಳ ಹೆಸರು ಮಲ್ಲಾಬಾಯಿ ಅಂತ ಆಮೇಲೆ ತಿಳಿಯಿತು. ಆಗ ಹೆಸರು ಕೇಳುವ ತಾಳ್ಮೆ ಯಾರಿಗಿತ್ತು? ಮೇಲಿನವರು ಬೆಳಿಗ್ಗೆ ತನಗೆ ಅಂದದ್ದನ್ನೆಲ್ಲ ಹಣಮೇಶ ಆ ಹೆಂಗಸಿನ ಮೇಲೆ ಸುರಿದ. ರಸ್ತೆ ನಿನ್ನ ಅಪ್ಪಂದೇನು ಅಂದ. ತಾನು ತಾಲ್ಲೂಕು ಕಚೇರಿಯವನು, ಕೇಸು ಹಾಕಿಸುತ್ತೇನೆ, ಒಳಗೆ ಕೂಡಿಸುತ್ತೇನೆ ಅಂದ. ಜನ ಕೂಡಿದರು. ಜನ ಕೂಡಿದಷ್ಟೂ ಅವನ ಗಂಟಲು ಏರಿತು. ತನ್ನ ಫೋನನ್ನು ಭೀಮುವಿನ ಕೈಗೆ ಕೊಟ್ಟು ಹೇಳಿದ:

"ಹೊಡಿ ಫೋಟೋ. ಗಾಡಿ, ಕಲ್ಲು, ನೆಲ್ಲು, ಈಕಿ, ಎಲ್ಲಾ ಬರಂಗ ಹೊಡಿ. ನಾಳೆ ಈ ಫೋಟೋನ ಈಕಿನ್ನ ಕೋರ್ಟಿಗೆ ಕರ್ಕೊಂಡು ಹೋಗ್ತದ."

ಭೀಮು ಹೊಡೆದ. ಹಣಮೇಶ ಬೆರಳು ಮಾಡಿ ಬೈಯುತ್ತಿದ್ದಾಗಲೂ ಹೊಡೆದ, ಮಲ್ಲಾಬಾಯಿ ಕೈಮುಗಿದು ಮೊಣಕಾಲೂರಿದಾಗಲೂ ಹೊಡೆದ. ಅವಳು ಅಳುತ್ತಲೇ ಒಂದು ಮಾತು ಹೇಳಿದಳು, ಗಾಡಿಯ ಕೆಳಗಿನಿಂದ ಎಣ್ಣೆ ಸೋರುತ್ತಿದೆ, ಹೀಗೇ ಒಯ್ಯಬೇಡಿರಿ ಅಂತ. ತನಗೆ ಬುದ್ಧಿ ಹೇಳುವಷ್ಟಾದಳೇನು ಈಕೆ ಅಂತ ಹಣಮೇಶ ಬಾಗಿಲು ಬಡಿದು ಕಾರು ಹತ್ತಿದ. ಸ್ಟೀರಿಂಗಿನ ಮುಂದೆ ಎಣ್ಣೆ ಕಡಿಮೆಯಾಯಿತೆಂದು ಹೇಳುವ ಕೆಂಪು ದೀಪ ಹತ್ತಿಕೊಂಡಿತ್ತು. ಸಿಟ್ಟಿನಲ್ಲಿ ಕೆಂಪು ದೀಪ ಯಾರಿಗೆ ಕಾಣುತ್ತದೆ? ಭೀಮುವಿಗೆ ಕಂಡಿತು, ಆದರೆ ಅವನು ಹೇಳುವ ಪೈಕಿಯವನಲ್ಲ. ಸುರಪುರದ ಗುಡ್ಡ ಕಣ್ಣಿಗೆ ಬೀಳುವ ಹೊತ್ತಿಗೆ ಇಂಜಿನ್ ಗಡಗಡ ಸದ್ದು ಮಾಡಿ, ಒಮ್ಮೆ ಜಗ್ಗಿ, ಸತ್ತಿತು. ಶಹಾಪುರದ ಗ್ಯಾರೇಜಿನ ನಸೀರುದ್ದೀನನಿಗೆ ಫೋನ್ ಮಾಡಿದರು. ಅವನು ಗಾಡಿ ತಂದು ಕಾರನ್ನು ಎಳೆದುಕೊಂಡು ಹೋದ.

ಎಳೆಯುವ ಗಾಡಿಗೆ ಕಾಯುತ್ತ ನಿಂತಾಗ ಹಣಮೇಶ ಆ ಫೋಟೋಗಳನ್ನೆಲ್ಲ ಕಚೇರಿಯ ವಾಟ್ಸ್ಯಾಪ್ ಗುಂಪಿಗೆ ಹಾಕಿದ. ರಸ್ತೆಯನ್ನು ಅಪ್ಪನ ಆಸ್ತಿ ಮಾಡಿಕೊಂಡವರ ಅವಸ್ಥೆ ನೋಡಿರಿ ಅಂತ ಒಂದು ಸಾಲೂ ಬರೆದ. ಒಬ್ಬರು ಬೆಂಕಿಯ ಚಿತ್ರ ಹಾಕಿದರು, ಇನ್ನೊಬ್ಬರು ಕೈಕುಲುಕುವ ಚಿತ್ರ ಹಾಕಿದರು. ಹೋದ ವರ್ಷ ಕೆಲಸಕ್ಕೆ ಸೇರಿದ ಸುಮಲತಾ ಅನ್ನುವ ಹುಡುಗಿ ಮಾತ್ರ ಒಂದು ಪ್ರಶ್ನೆ ಕೇಳಿದಳು. "ಸರ್, ಗುದ್ದಿದವರು ನೀವು, ಆಕಿ ಯಾಕ್ರಿ ಕೈ ಮುಗದಾಳ?"

ಅಷ್ಟೇ. ಅದರ ಕೆಳಗೆ ಯಾರೂ ಏನೂ ಬರೆಯಲಿಲ್ಲ. ಹಣಮೇಶ ಫೋಟೋವನ್ನು ದೊಡ್ಡದು ಮಾಡಿ ನೋಡಿದ. ಹೊಟ್ಟೆ ಮುಂದೆ ಬಿಟ್ಟುಕೊಂಡು, ಬಾಯಿ ಅಗಲಿಸಿ, ಬೆರಳು ಚಾಚಿ ನಿಂತಿದ್ದ ಆ ಮನುಷ್ಯನನ್ನು ಮೊದಲ ಸಲ ನೋಡಿದವನಂತೆ ನೋಡಿದ. ಬೆರಳಿನ ತುದಿಗೆ ಸರಿಯಾಗಿ ಆ ಹೆಂಗಸಿನ ತಲೆ ಇತ್ತು. ಅವನ ಅವ್ವನ ವಯಸ್ಸಿನವಳು. ಗುಂಪಿನಲ್ಲಿ ಹಾಕಿದ್ದನ್ನು ಎಲ್ಲರ ಕಡೆಯಿಂದಲೂ ಅಳಿಯುವಂತೆ ಅಳಿಸಿದ, ಫೋನಿನಲ್ಲಿದ್ದದ್ದನ್ನು ಅಳಿಸಿದ, ಅಳಿಸಿದ್ದು ಹೋಗಿ ಕೂರುವ ಕಸದ ಬುಟ್ಟಿಯನ್ನೂ ಹುಡುಕಿ ಖಾಲಿ ಮಾಡಿದ. ಗುಂಪಿನಲ್ಲಿ ಮಾತ್ರ ಈ ಸಂದೇಶ ಅಳಿಸಲಾಗಿದೆ, ಅಳಿಸಲಾಗಿದೆ ಅನ್ನುವ ಸಾಲುಗಳು ಒಂದರ ಕೆಳಗೊಂದು ನಿಂತವು. ನಾಚಿಕೆಯನ್ನು ಅಳಿಸುವ ಗುಂಡಿ ಆ ಫೋನಿನಲ್ಲಿ ಇರಲಿಲ್ಲ.

ಮರುದಿನ ವಿಮೆ ಕಂಪನಿಗೆ ಫೋನ್ ಮಾಡಿದಾಗ ಆ ಕಡೆಯ ಹುಡುಗಿ ಕೇಳಿದ ಮೊದಲ ಮಾತು, ಅಪಘಾತದ ಜಾಗದ ಫೋಟೋ ಕಳಿಸಿರಿ. ಹೊಡೆದಿದ್ದೇನೆ, ಕಳಿಸುತ್ತೇನೆ ಅಂದುಬಿಟ್ಟ ಹಣಮೇಶ. ಯಾರ ಫೋನಿನಲ್ಲಾದರೂ ಉಳಿದಿದೆಯೇ ಅಂತ ಗುಂಪಿನಲ್ಲಿ ಕೇಳಬಹುದಿತ್ತು. ಕೇಳಿದರೆ ಎಲ್ಲರೂ ಮತ್ತೆ ಅದನ್ನೇ ನೆನೆಯುತ್ತಾರೆ, ಸುಮಲತಾ ಮತ್ತೆ ನೋಡುತ್ತಾಳೆ. ಕೇಳಲಿಲ್ಲ.

ಕಂಪನಿ ಕಳಿಸಿದ ಸರ್ವೇಯರ್ ಪಂಪಣ್ಣ ಕಲಬುರಗಿಯಿಂದ ಬಂದ. ಹಾನಿ ಎಷ್ಟು, ಅದು ಹೇಗೆ ಆಯಿತು ಅಂತ ನೋಡಿ ಕಂಪನಿಗೆ ವರದಿ ಬರೆಯುವುದು ಅವನ ಕೆಲಸ. ಮಾತು ಕಡಿಮೆಯ ಮನುಷ್ಯ. ನಸೀರುದ್ದೀನನ ಗ್ಯಾರೇಜಿನಲ್ಲಿ ಕಾರಿನ ಸುತ್ತ ಒಂದು ಸುತ್ತು ಹಾಕಿ, ನಂಬರ್ ಪ್ಲೇಟು, ಚಾಸಿ ನಂಬರು, ಬಂಪರ್, ದೀಪ, ತಗಡು ಎಲ್ಲದರ ಫೋಟೋ ತೆಗೆದ. ಕಾರನ್ನು ಮೇಲೆತ್ತಿಸಿ ಕೆಳಗಿಂದ ನೋಡಿದ. ಇಂಜಿನ್ ಎಣ್ಣೆ ತುಂಬಿಕೊಂಡಿರುವ ಚೇಂಬರ್ ಉದ್ದಕ್ಕೆ ಸೀಳಿತ್ತು. ಇಂಜಿನ್ ಬಿಚ್ಚಲು ಒಪ್ಪಿಗೆ ಕೊಟ್ಟು ಹೋದ. ಮತ್ತೆ ಬಂದಾಗ ಒಳಗಿನ ಬೇರಿಂಗುಗಳು ಸುಟ್ಟು ಕರ್ರಗಾಗಿದ್ದವು. ಅವನು ಅವನ್ನು ಬೆರಳಲ್ಲಿ ಹಿಡಿದು ತಿರುವಿ ನೋಡಿ, ಬೆಂಚಿನ ಮೇಲೆ ಹಣಮೇಶನ ಪಕ್ಕದಲ್ಲಿ ಕೂತ.

ಅವನು ಹೇಳಿದ್ದರ ತಾತ್ಪರ್ಯ ಇಷ್ಟು. ಬಂಪರು, ದೀಪ, ತಗಡು, ಚೇಂಬರು ಕಲ್ಲಿಗೆ ಬಡಿದು ಹೋಗಿವೆ, ಅದರಲ್ಲಿ ತಕರಾರಿಲ್ಲ. ತಕರಾರು ಇಂಜಿನ್ನಿನದು. ಕಲ್ಲಿನ ಮೇಲೆ ಸಿಕ್ಕಿಕೊಂಡು, ಬಿಡಿಸಿಕೊಳ್ಳುವ ಗಡಿಬಿಡಿಯಲ್ಲಿ ಅಲ್ಲೇ ಇಂಜಿನ್ ಬಿಗಿದು ನಿಂತಿದ್ದರೆ ಅದೂ ಅಪಘಾತದ ಭಾಗವೇ ಅಂತ ಕಂಪನಿಯ ಮುಂದೆ ತಾನು ವಾದ ಮಾಡಬಹುದು. ಎಣ್ಣೆ ಸೋರುತ್ತಿದ್ದರೂ ಆಮೇಲೆ ಓಡಿಸಿಕೊಂಡು ಹೋಗಿ ಸುಟ್ಟಿದ್ದರೆ ಅದು ಅಪಘಾತದ ಹಾನಿಯಲ್ಲ, ಓಡಿಸಿದವನ ಹಾನಿ. ಇವರ ಪಾಲಿಸಿಯಲ್ಲಿ ಇಂಜಿನ್ನಿಗೆ ಬೇರೆ ರಕ್ಷಣೆ ತೆಗೆದುಕೊಂಡಿಲ್ಲ, ಹಾಗಾಗಿ ಬಿಡಿಗಾಸೂ ಬರುವುದಿಲ್ಲ. ಜಾಗದ ಫೋಟೋ ಇದ್ದಿದ್ದರೆ ಕಾರು ಎಲ್ಲಿ ನಿಂತಿತ್ತು, ಎಣ್ಣೆ ಎಲ್ಲಿ ಬಿದ್ದಿತ್ತು ಅಂತ ಅದರ ಸಹಾಯದಿಂದ ನೋಡಬಹುದಿತ್ತು.

"ಫೋಟೋ ಹೊಡ್ದೇ ಇಲ್ಲೇನ್ರಿ?"

ಹೊಡೆದಿಲ್ಲ ಅಂದುಬಿಟ್ಟಿದ್ದರೆ ಮಾತು ಮುಗಿಯುತ್ತಿತ್ತು. ಆದರೆ ಹೊಡೆದಿದ್ದೇನೆ ಅಂತ ಮೊದಲ ದಿನವೇ ಫೋನಿನಲ್ಲಿ ಕಂಪನಿಯ ಹುಡುಗಿಗೆ ಹೇಳಿಯಾಗಿತ್ತು. ಅಪ್ಪನನ್ನು ಬಸ್ಸಿನಲ್ಲಿ ಯಾದಗಿರಿಗೆ ಕರೆದುಕೊಂಡು ಹೋಗಿ ಮರಳಿ ಬರುತ್ತ, ಕಾರಿನದು ಏನಾಯಿತು ಅಂತ ಕೇಳಲು ಪವಿತ್ರಾ ಆಗಷ್ಟೇ ಗ್ಯಾರೇಜಿಗೆ ಬಂದಿದ್ದಳು. ಅಂಬಣ್ಣ ಬಾಗಿಲ ಬಳಿ ಟೈರಿನ ಮೇಲೆ ಕೂತು ಕಣ್ಣು ಮುಚ್ಚಿದ್ದ. ಹಣಮೇಶನ ಕಣ್ಣು ಹೆಂಡತಿಯ ಮೇಲೆ ಬಿತ್ತು, ಬಾಯಿ ತಾನಾಗಿ ತೆರೆದುಕೊಂಡಿತು.

"ನಮ್ಮ ಮನ್ಯಾಗಿನಾಕಿ ಅಳಿಸ್ಯಾಳ್ರಿ. ಒಡದ ಗಾಡಿ ಫೋಟೋ ಮನ್ಯಾಗ ಇಟ್ಕೋಬಾರ್ದು, ಕೆಟ್ಟದಾಗ್ತದ ಅಂತ ಹೆಣ್ಮಕ್ಕಳ ನಂಬಿಕಿ."

ಪಂಪಣ್ಣ ಪವಿತ್ರಾಳ ಕಡೆ ತಿರುಗಿ, ಹೌದೇನಮ್ಮ ಅಂತ ಕೇಳಿದ. ಅವಳು ಗಂಡನ ಮುಖ ನೋಡಿದಳು. ಆ ಫೋಟೋಗಳು ಇದ್ದವು ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ.

"ಹೌದ್ರಿ," ಅಂದಳು. "ತಪ್ಪಾತ್ರಿ."

ಮನೆಗೆ ಹೋದ ಮೇಲೆ ಅವಳು ಏನೂ ಕೇಳಲಿಲ್ಲ. ರೊಟ್ಟಿ ಬಡಿದಳು, ಅಪ್ಪನಿಗೆ ಡಾಕ್ಟರು ಹೇಳಿದಷ್ಟೇ ಅಳತೆಯ ನೀರು ಕೊಟ್ಟಳು, ಹಣಮೇಶನಿಗೆ ಊಟಕ್ಕೆ ಬಡಿಸಿದಳು. ಕೇಳಿದ್ದರೆ ರೇಗಿ ತಪ್ಪಿಸಿಕೊಳ್ಳಬಹುದಿತ್ತು. ಕೇಳದವರ ಮುಂದೆ ರೇಗುವುದಾದರೂ ಹೇಗೆ? ಅವನು ತಟ್ಟೆಯಲ್ಲಿ ಕೈ ಆಡಿಸಿ ಎದ್ದ.

ಹಾನಿಯ ವಿವರವನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಕೊಡಿ ಅಂತ ಪಂಪಣ್ಣ ಹೇಳಿದ್ದ. ಹಣಮೇಶ ಬರೆಯಲು ಕೂತ. ಬೇರೆಯವರ ಕುಸಿದ ಗೋಡೆಗಳನ್ನು ಸುಲಭವಾಗಿ ಬರೆಯುತ್ತಿದ್ದ ಕೈ ಈಗ ಓಡಲಿಲ್ಲ. ಎಡ ಮುಂಭಾಗದ ಬಂಪರ್ ಕಳಚಿದ್ದು, ಎಡ ದೀಪ ಒಡೆದದ್ದು, ತಗಡು ಒಳಕ್ಕೆ ಮಡಚಿದ್ದು, ಇಲ್ಲಿಯವರೆಗೆ ಖರೆ. ಮುಂದೆ ಬರೆದ: 'ಕಲ್ಲಿನ ಮೇಲಿಂದ ವಾಹನವನ್ನು ಇಳಿಸಲು ಯತ್ನಿಸುವಾಗ ಇಂಜಿನ್ ಸ್ಥಳದಲ್ಲಿಯೇ ಸ್ಥಗಿತಗೊಂಡಿದ್ದು, ವಾಹನವನ್ನು ಅಲ್ಲಿಂದಲೇ ಎಳೆದೊಯ್ಯಲಾಯಿತು.' ಓದಿ ನೋಡಿದ. ವಾಕ್ಯ ಚೊಕ್ಕವಾಗಿತ್ತು. ಕಚೇರಿಯಲ್ಲಾಗಿದ್ದರೆ ಇಂಥ ವಾಕ್ಯಕ್ಕೆ ತಾನೇ ಮುದ್ರೆ ಒತ್ತಿ ಮುಂದೆ ಕಳಿಸುತ್ತಿದ್ದ.

ಯಾರಾದರೂ ವಿಚಾರಿಸಿದರೆ ಏನು ಹೇಳುತ್ತೀ ಅಂತ ಹಣಮೇಶ ಭೀಮುವನ್ನು ಕೇಳಿದಾಗ ಅವನು ದಾರಿಯುದ್ದಕ್ಕೂ ನಿದ್ದೆಯಲ್ಲಿದ್ದೆ ಅಂದ. ಬದುಕುವ ಕಲೆ ಬಲ್ಲವನು. ಕಾರು ಎಳೆದು ತಂದ ನಸೀರುದ್ದೀನ ಮಾತ್ರ ನಟ್ಟು ತಿರುವುವ ಪಾನ ಹಿಡಿದ ಕೈ ನಿಲ್ಲಿಸದೆ ಹೇಳಿದ: "ನಾನಾಗಿ ಹೇಳಾಂಗಿಲ್ಲ ಸಾಹೇಬ್ರ. ಆದ್ರ ಅವ್ರು ಕೇಳಿದ್ರ ಗುಡ್ಡದ ಹತ್ರ ಇತ್ತು ಅಂತೀನಿ. ನಾ ಇಲ್ಲೇ ದುಡದು ತಿನ್ನಾಂವ."

ಪಂಪಣ್ಣ ಅವನನ್ನು ಕೇಳಲಿಲ್ಲ. ಕೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಅವನು ಹಾಳೆ ಓದಿ, ಮಡಚಿ, ಜಾಗ ನೋಡಿ ಬರೋಣ ನಡೀರಿ ಅಂದ. ಫೋಟೋ ಇಲ್ಲ ಅಂದಮೇಲೆ ಜಾಗ ನೋಡಬೇಕು, ಕಂಡವರಿದ್ದರೆ ಅವರ ಮಾತು ಬರೆದುಕೊಳ್ಳಬೇಕು. ಸುಗ್ಗಿ ಮುಗಿದಿರುತ್ತದೆ, ಅಲ್ಲಿ ಯಾರೂ ಇರುವುದಿಲ್ಲ ಅಂದ ಹಣಮೇಶ. ಇಲ್ಲದಿದ್ದರೆ ಇಲ್ಲ ಅಂತ ಬರೆಯುತ್ತೇನೆ ಅಂದ ಪಂಪಣ್ಣ. ಪವಿತ್ರಾಳ ಅಪ್ಪ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿರುವುದನ್ನು ನೆನೆಯುತ್ತ, ಇಷ್ಟು ಸುಳ್ಳು ಒಬ್ಬ ಮುದುಕನ ಸಲುವಾಗಿ ತಾನೇ ಅಂತ ತನಗೆ ತಾನೇ ಹೇಳಿಕೊಳ್ಳುತ್ತ ಹಣಮೇಶ ಪಂಪಣ್ಣನ ಕಾರು ಹತ್ತಿದ.

ಭತ್ತದ ಹಾಸು ಇನ್ನೂ ಇತ್ತು. ಈಗ ರಸ್ತೆಯ ಮೇಲಲ್ಲ, ಪಕ್ಕದ ಮಣ್ಣಿನ ಮೇಲೆ, ತಾಡಪತ್ರಿ ಹಾಸಿ ಒತ್ತೊತ್ತಾಗಿ ಹರಡಿತ್ತು. ಕಲ್ಲುಗಳನ್ನೆಲ್ಲ ಎತ್ತಿ ಬೇವಿನ ಗಿಡದ ಬುಡಕ್ಕೆ ಗುಡ್ಡೆ ಹಾಕಿದ್ದರು. ಡಾಂಬರಿನ ಮೇಲೆ ಎಣ್ಣೆಯ ಕಪ್ಪು ಕಲೆ ಹಾಗೇ ಉಳಿದಿತ್ತು. ಆ ಕಲೆಯಿಂದ ಸುರಪುರದ ದಿಕ್ಕಿಗೆ ಸಣ್ಣ ಗೆರೆಯೊಂದು ಹೊರಟಿತ್ತೇನೋ, ಲಾರಿಗಳು ಓಡಾಡಿ ಅದು ಮಾಸಿಹೋಗಿತ್ತು. ಹಣಮೇಶ ಅದನ್ನು ನೋಡಿದ, ಪಂಪಣ್ಣ ನೋಡಿದನೋ ಇಲ್ಲವೋ ಅಂತ ಅವನ ಮುಖ ನೋಡಿದ.

ಮಲ್ಲಾಬಾಯಿ ಕಾಲಿನಿಂದ ಭತ್ತ ತಿರುವಿಹಾಕುತ್ತಿದ್ದಳು. ಕಾರಿನಿಂದ ಇಳಿದವರಲ್ಲಿ ಒಬ್ಬ ಯಾರೆಂದು ಗುರುತು ಹತ್ತಿದ ಕೂಡಲೇ ಅವಳ ಕಾಲು ನಿಂತಿತು. ಇನ್ನೊಬ್ಬನ ಕೈಯಲ್ಲಿ ಹಾಳೆ, ಹಲಗೆ, ಪೆನ್ನು. ಅವಳಿಗೆ ಬೇರೆ ಏನು ತೋಚಬೇಕು? ಕೇಸು ಬಂತು ಅಂದುಕೊಂಡಳು. ಸೆರಗು ಸರಿಮಾಡಿಕೊಂಡು ಓಡಿಬಂದು, ರಸ್ತೆ ಬಿಟ್ಟಿದ್ದೇನೆ, ಕಲ್ಲು ತೆಗೆದಿದ್ದೇನೆ, ಆ ಸಾಹೇಬರು ಹೇಳಿ ಹೋದಾಗಿನಿಂದ ಒಂದು ಕಾಳನ್ನೂ ರಸ್ತೆಗೆ ಹಾಕಿಲ್ಲ ಅಂತ ಪಂಪಣ್ಣನಿಗೆ ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಆಮೇಲೆ ಹಣಮೇಶನ ಕಡೆ ತಿರುಗಿ ಮೆಲ್ಲಗೆ ಕೇಳಿದಳು.

"ಆವತ್ತ ಹೊಡದ ಫೋಟೋ ಕೊಟ್ಟುಬಿಟ್ಟೀರೇನ್ರಿ ಸಾಹೇಬ್ರ? ಅದರಾಗ ನನ್ನ ಮಾರಿ ಅದ."

ಅವನು ಬೇಡವೆಂದರೂ ಉತ್ತರ ಕೊಡಲೇಬೇಕಾಗಿತ್ತು. "ಇಲ್ಲವ್ವ. ಆ ಫೋಟೋ ಈಗ ಇಲ್ಲ. ಅವತ್ತ ನಾನ ಅಳಿಸೇನಿ."

ಪಂಪಣ್ಣನ ಪೆನ್ನು ಹಾಳೆಯ ಮೇಲೆ ನಿಂತಿತು. ಅವನು ತಲೆ ಎತ್ತಿ ಹಣಮೇಶನನ್ನು ನೋಡಿದ. ಗ್ಯಾರೇಜಿನಲ್ಲಿ ತಪ್ಪಾಯಿತು ಅಂದ ಹೆಣ್ಣುಮಗಳನ್ನು ಅವನು ಮರೆತಿರಲಿಲ್ಲ. ಹಣಮೇಶನಿಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು, ಮಲ್ಲಾಬಾಯಿ ಅದಕ್ಕೂ ಬಿಡಲಿಲ್ಲ. ಅವಳ ಕಣ್ಣಲ್ಲಿ ನೀರು ಬಂದಿತ್ತು. ದೊಡ್ಡ ಮನಸ್ಸಿನವರು ನೀವು ಅಂದಳು. ಬೈದರೂ ನಿಮ್ಮ ಹೊಟ್ಟೆಯಲ್ಲಿ ಕರುಣೆ ಇತ್ತು, ಬಡವಿಯ ಮೇಲೆ ಕೇಸು ಆಗಬಾರದು ಅಂತ ಫೋಟೋ ಅಳಿಸಿದಿರಿ, ನಿಮ್ಮ ಮಕ್ಕಳುಮರಿ ಚೆನ್ನಾಗಿರಲಿ ಅಂದಳು. ಸಿಟ್ಟಿನಲ್ಲಿ ಅವನಾಡಿದ ಒಂದೊಂದು ಮಾತನ್ನೂ ಅವಳು ಮರೆತುಬಿಟ್ಟಂತಿತ್ತು. ಇಷ್ಟು ದಿನ ಎದೆಯ ಮೇಲೆ ಕಲ್ಲಿಟ್ಟುಕೊಂಡು ಕಾದವಳಿಗೆ ಈಗ ನಿರಾಳವಾಗಿತ್ತು. ಆ ಹರಕೆಯ ಒಂದೊಂದು ಮಾತೂ ಹಣಮೇಶನಿಗೆ ಕೆನ್ನೆಗೆ ಹೊಡೆದಂತೆ ಬಿತ್ತು. ಅವನು ಅಳಿಸಿದ್ದು ಅವಳನ್ನು ಉಳಿಸಲಿಕ್ಕಲ್ಲ, ತನ್ನ ಮುಖ ಮುಚ್ಚಿಕೊಳ್ಳಲಿಕ್ಕೆ. ಅದು ಅವನೊಬ್ಬನಿಗೇ ಗೊತ್ತಿತ್ತು.

ಪಂಪಣ್ಣ ತಾನು ಪೊಲೀಸನಲ್ಲ, ವಿಮೆಯವನು ಅಂತ ಅವಳಿಗೆ ತಿಳಿಸಿ ಹೇಳಿದ. ಕಾರು ಕಲ್ಲಿಗೆ ಹೊಡೆದ ಮೇಲೆ ಏನಾಯಿತು, ಇಲ್ಲೇ ನಿಂತಿತೋ ಮುಂದೆ ಹೋಯಿತೋ, ಕಂಡದ್ದನ್ನು ಹೇಳು ಸಾಕು ಅಂದ. ಮಲ್ಲಾಬಾಯಿ ಹಣಮೇಶನ ಮುಖ ನೋಡಿದಳು. ಅವತ್ತು ಗ್ಯಾರೇಜಿನಲ್ಲಿ ಪವಿತ್ರಾ ನೋಡಿದ್ದೂ ಹೀಗೆಯೇ. ಸಾಹೇಬರಿಗೆ ಯಾವ ಉತ್ತರ ಬೇಕಾಗಿದೆ ಅಂತ ಅವರ ಮುಖದಲ್ಲಿ ಓದಿಕೊಳ್ಳುವುದನ್ನು ಬಡವರೂ ಹೆಂಡಂದಿರೂ ಯಾವ ಶಾಲೆಯಲ್ಲಿ ಕಲಿಯುತ್ತಾರೋ ಯಾರಿಗೆ ಗೊತ್ತು.

"ಇಲ್ಲೇ ನಿಂತಿತ್ರಿ," ಅಂದಳು. "ಸಾಹೇಬ್ರು ಏನು ಬರದಾರೋ ಅದ ಖರೆ ಅದರಿ. ನಾ ಎಲ್ಲಿ ಬೇಕಾದಲ್ಲಿ ಹೆಬ್ಬಟ್ಟು ಒತ್ತೀನಿ."

ಪಂಪಣ್ಣ ಬರೆದುಕೊಳ್ಳತೊಡಗಿದ. ಹೆಸರು ಬರೆದ, ಗಂಡನ ಹೆಸರು ಬರೆದ. ಹಣಮೇಶ ಸುಮ್ಮನೆ ನಿಂತರೆ ಸಾಕಿತ್ತು. ಇಂಜಿನ್ ಬರುತ್ತಿತ್ತು, ಕಾರು ಬರುತ್ತಿತ್ತು, ಅಂಬಣ್ಣ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಯಾದಗಿರಿಗೆ ಹೋಗುತ್ತಿದ್ದ. ಅವನು ಬೇವಿನ ಗಿಡದ ಕಡೆ ನೋಡಿದ. ಕಲ್ಲುಗಳ ಪಕ್ಕದಲ್ಲಿ ಒಂದು ಚೀಲ ಒರಗಿಸಿಟ್ಟಿತ್ತು, ತಳ ಕಪ್ಪಾಗಿತ್ತು. ಅದೇನು ಅಂತ ಕೇಳಿದ. ಎಣ್ಣೆ ಬಿದ್ದ ಭತ್ತ, ಕೋಳಿಗೆ ಹಾಕಿದರೆ ಕೋಳಿಯೂ ಮುಟ್ಟಲಿಲ್ಲ, ಚೆಲ್ಲಲು ಮನಸ್ಸು ಬರಲಿಲ್ಲ ಅಂದಳು ಮಲ್ಲಾಬಾಯಿ. ಅನ್ನವಲ್ಲವೇ, ಹಾಗಾಗಿ ಇಟ್ಟಿದ್ದೇನೆ ಅಂತ ತಾನೇ ತಪ್ಪು ಮಾಡಿದವಳಂತೆ ನಕ್ಕಳು.

ಪಂಪಣ್ಣ ಹೆಬ್ಬೆಟ್ಟಿನ ಶಾಯಿಯ ಡಬ್ಬಿ ತೆರೆದಿದ್ದ. ಅವಳು ಆಗಲೇ ಬೆರಳು ಸೀರೆಗೆ ಒರೆಸಿಕೊಂಡು ಸಿದ್ಧವಾಗಿದ್ದಳು.

"ಬ್ಯಾಡ್ರಿ," ಅಂದ ಹಣಮೇಶ. "ಆಕಿ ಕಡೆ ಸುಳ್ಳಿಗೆ ಹೆಬ್ಬಟ್ಟು ಒತ್ತಿಸಬ್ಯಾಡ್ರಿ. ಎಣ್ಣಿ ಸೋರಾಕತ್ತದ, ಒಯ್ಯಬ್ಯಾಡ್ರಿ ಅಂತ ಆಕಿ ಕೂಗಿ ಹೇಳಿದ್ಲು. ನಾ ಕೇಳ್ಲಿಲ್ಲ. ಗುಡ್ಡದ ತನಕ ಓಡಿಸ್ಕೊಂಡು ಹೋದೆ. ಇಂಜಿನ್ ಸುಟ್ಟಿದ್ದು ನಾನು."

ಇಷ್ಟು ಹೇಳಿದ ಮೇಲೆ ಅದೊಂದನ್ನು ಯಾಕೆ ಉಳಿಸಿಕೊಳ್ಳಬೇಕು ಅಂತ, ಅದನ್ನೂ ಹೇಳಿದ. "ಫೋಟೋ ಅಳಿಸಿದ್ದು ನಮ್ಮ ಮನ್ಯಾಗಿನಾಕಿ ಅಲ್ರಿ."

"ಅದು ಆಗಲೇ ಗೊತ್ತಾತ್ರಿ," ಅಂದ ಪಂಪಣ್ಣ.

ಅವನು ಬೈಯಲಿಲ್ಲ. ಹಲಗೆಯ ಮೇಲಿನ ಹಳೆಯ ಹಾಳೆಯನ್ನು ತೆಗೆದು ಹೊಸ ಹಾಳೆ ಸಿಕ್ಕಿಸಿ ಹಣಮೇಶನ ಕೈಗೆ ಕೊಟ್ಟ. ಮೊದಲಿನ ಹಾಳೆ ಹಾಗೇ ಕಂಪನಿಗೆ ಹೋಗಿ ಆಮೇಲೆ ಸುಳ್ಳು ಬಯಲಾಗಿದ್ದರೆ ಬಂಪರು ದೀಪಗಳ ಕ್ಲೇಮೂ ಕೈತಪ್ಪುತ್ತಿತ್ತು, ಈಗ ಇಂಜಿನ್ ಒಂದು ಬಿಟ್ಟು ಉಳಿದದ್ದು ಬರುತ್ತದೆ ಅಂದ. ಹಣಮೇಶ ಬೇವಿನ ಬುಡದ ಕಲ್ಲಿನ ಮೇಲೆ ಕೂತು ಬರೆದ. ಈ ಸಲ ವಾಕ್ಯಗಳು ಚೊಕ್ಕವಾಗಿ ಬರಲಿಲ್ಲ, ಅಲ್ಲಲ್ಲಿ ಹೊಡೆದುಹಾಕಿ ತಿದ್ದಿದ ಕಾಟು ಬಿದ್ದವು. ಎಲ್ಲ ಬರೆದ ಮೇಲೆ ಕೊನೆಯಲ್ಲಿ, ಒಂದು ಚೀಲ ಭತ್ತ ಎಣ್ಣೆ ಬಿದ್ದು ಹಾಳಾಗಿದೆ ಅಂತಲೂ ಬರೆದ. ಪಂಪಣ್ಣ ಓದಿ, ಇದು ಈ ಕ್ಲೇಮಿನಲ್ಲಿ ಬರುವುದಿಲ್ಲ, ಅದಕ್ಕೆ ಆಕೆ ಬೇರೆ ದೂರು ಕೊಡಬೇಕಾಗುತ್ತದೆ, ಕೊಟ್ಟರೆ ರಸ್ತೆಯ ಮೇಲೆ ಯಾಕೆ ಹಾಕಿದ್ದೆ ಅನ್ನುವ ಪ್ರಶ್ನೆ ಮೊದಲು ಬರುತ್ತದೆ ಅಂದ. ಇರಲಿ, ಆದದ್ದು ಆಗಿದೆಯಲ್ಲ, ಬರೆದದ್ದು ಹಾಗೇ ಇರಲಿ ಅಂದ ಹಣಮೇಶ. ಆ ಚೀಲದ ಬದಲು ನಮ್ಮ ಮನೆಯಿಂದ ಒಂದು ಚೀಲ ತಂದು ಹಾಕುತ್ತೇನೆ ಅಂತ ಮಲ್ಲಾಬಾಯಿಗೆ ಹೇಳಿದ. ಅವಳಿಗೆ ಏನು ನಡೆಯುತ್ತಿದೆ ಅಂತ ಪೂರ್ತಿ ತಿಳಿದಿರಲಿಲ್ಲ. ತಾನು ಏನೋ ತಪ್ಪು ಹೇಳಿ ಸಾಹೇಬರ ಕೆಲಸ ಕೆಡಿಸಿದೆ ಅಂತ ಅವಳ ಮುಖ ಬಾಡಿತ್ತು. ಬೇಡ, ನೀವು ಫೋಟೋ ಅಳಿಸಿದ್ದೇ ಸಾಕು ಅಂದಳು. ಅವನು ಹಾಳೆಗೆ ಸಹಿ ಮಾಡಿದ.

ಇನ್ನು ಫೋಟೋ ಒಂದು ಬಾಕಿ ಇತ್ತು. ಅವತ್ತಿನದಂತೂ ಇಲ್ಲ, ಜಾಗದ್ದಾದರೂ ಬೇಕು. ಪಂಪಣ್ಣ ಗುಡ್ಡೆಯಿಂದ ಒಂದು ಕಲ್ಲನ್ನು ಎತ್ತಿ, ಅವತ್ತು ಇದ್ದ ಕಡೆ ಇಡಿಸಿದ. ಹಣಮೇಶನನ್ನು ಎಣ್ಣೆಯ ಕಲೆಯ ಪಕ್ಕ ನಿಲ್ಲಿಸಿ, ಕಾರು ಎಲ್ಲಿ ಬಡಿಯಿತು ಅಂತ ಬೆರಳು ಮಾಡಿ ತೋರಿಸಿರಿ ಅಂದ. ತೆಗೆದ ಕೂಡಲೇ ದಿನಾಂಕ, ವೇಳೆ, ಜಾಗದ ಗುರುತು ಹತ್ತಿಕೊಂಡು ಫೋಟೋ ನೇರ ಕಂಪನಿಗೆ ಹೋಗುತ್ತದೆ, ಆಮೇಲೆ ಯಾರೂ ಅಳಿಸಲು ಬರುವುದಿಲ್ಲ, ಹಾಗಾಗಿ ಸರಿಯಾಗಿ ನಿಲ್ಲಿ ಅಂತಲೂ ಹೇಳಿದ.

ಹಣಮೇಶ ಕೈ ಎತ್ತಿ ಬೆರಳು ಚಾಚಿದ. ಕಲ್ಲಿನ ಆಚೆ, ಭತ್ತದ ಅಂಚಿನಲ್ಲಿ ಮಲ್ಲಾಬಾಯಿ ನಿಂತಿದ್ದಳು. ಬೆರಳು ತೋರುತ್ತಿದ್ದದ್ದು ಕಲ್ಲನ್ನು. ಅವಳು ಕಲ್ಲನ್ನು ನೋಡಲಿಲ್ಲ, ಬೆರಳನ್ನಷ್ಟೇ ನೋಡಿದಳು. ಯಾರೂ ಹೇಳದೆ, ಯಾರೂ ಕೇಳದೆ, ಅವಳ ಎರಡೂ ಕೈಗಳು ತಾವಾಗಿ ಕೂಡಿಕೊಂಡು ಎದೆಯ ಹತ್ತಿರ ಬಂದವು.

ಹಣಮೇಶ ಕೈ ಕೆಳಗಿಳಿಸಿದ. ಅಷ್ಟರೊಳಗೆ ಪಂಪಣ್ಣ ಫೋಟೋ ತೆಗೆದಾಗಿತ್ತು.